ಸಹಾಯ ಬೇಕು: ಪರೀಕ್ಷೆ ಟೈಮಲ್ಲಿ ನೋಡೋಕೆ 25 ನಿಮಿಷದೊಳಗೆ ಮುಗಿಯುವಂಥದ್ದು

ಎಲ್ಲರಿಗೂ ನಮಸ್ಕಾರ. ತಮ್ಮ ಸೆಕೆಂಡ್ ಪಿಯು, ಸೈನ್ಸ್. ಓದಿನ ಮಧ್ಯೆ ಊಟದ ಹೊತ್ತಿಗೆ ಏನಾದ್ರೂ ನೋಡಲಿ ಅಂತ ಮನೆಯಲ್ಲಿ ಒಪ್ಪಿದ್ದೇವೆ. ಪೂರ್ತಿ ಬೇಡ ಅಂದ್ರೆ ಬಾತ್‌ರೂಮಲ್ಲಿ ಫೋನ್ ಹಿಡಿದು ಕೂರ್ತಾನೆ, ಅದಕ್ಕಿಂತ ಇದೇ ವಾಸಿ.

ತೊಂದರೆ ಥ್ರಿಲ್ಲರ್ ಸೀರೀಸ್‌ಗಳದ್ದು. ಕೊನೆಯ ಎರಡು ನಿಮಿಷದಲ್ಲಿ ಬಾಗಿಲು ಬಡಿಯುತ್ತೆ, ಯಾರು ಅಂತ ತೋರಿಸೋ ಮೊದಲೇ ಎಪಿಸೋಡ್ ಮುಗಿಯುತ್ತೆ. ಆಮೇಲೆ ಪುಸ್ತಕ ತೆರೆದರೂ ತಲೆ ಆ ಬಾಗಿಲ ಹತ್ತಿರವೇ ಇರುತ್ತೆ. ನೆಟ್‌ಫ್ಲಿಕ್ಸ್ ಪ್ರೊಫೈಲ್ ಸೆಟ್ಟಿಂಗ್ಸಲ್ಲಿ ಆಟೋಪ್ಲೇ ಆಫ್ ಮಾಡಿದ್ದೇವೆ. ಒಂದೇ ಎಪಿಸೋಡ್ ಡೌನ್‌ಲೋಡ್ ಮಾಡಿಕೊಟ್ಟು ವೈಫೈ ತೆಗೆಯೋದೂ ಸರಿ ಹೋಗ್ತಿದೆ. ಆದರೆ ಸ್ಮಾರ್ಟ್ ಡೌನ್‌ಲೋಡ್ಸ್ ಆಫ್ ಮಾಡಲೇಬೇಕು, ಇಲ್ಲಾಂದ್ರೆ ನೋಡಿದ್ದನ್ನು ಅಳಿಸಿ ಮುಂದಿನದನ್ನು ಅದೇ ಇಳಿಸಿಕೊಳ್ಳುತ್ತೆ!

ಈಗಾಗಲೇ ಹಿಡಿದಿರೋ ಸೀರೀಸ್‌ಗೆ ಇನ್ನೊಂದು ಉಪಾಯ: ಎಪಿಸೋಡ್ ಕೊನೆಗೆ ನಿಲ್ಲಿಸದೆ, ಮುಂದಿನದರ ಹತ್ತನೇ ನಿಮಿಷದಲ್ಲಿ ನಿಲ್ಲಿಸೋದು. ಅಷ್ಟರಲ್ಲಿ ಬಾಗಿಲಲ್ಲಿ ಯಾರು ಅಂತ ಗೊತ್ತಾಗಿರುತ್ತೆ, ಹೊಸ ಗಂಟು ಇನ್ನೂ ಬಿದ್ದಿರಲ್ಲ. ನಾಳೆ ಅಲ್ಲಿಂದಲೇ ಶುರು.

ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಚೆನ್ನಾಗಿ ಹೊಂದಿತು. ಸುಮಾರು 20-25 ನಿಮಿಷ, ಬಹುತೇಕ ಒಂದು ಕಂತಿಗೆ ಒಂದು ಕಥೆ. ಸ್ವಾಮಿಯ ಕಥೆಯಂಥ ಕೆಲವು ಮಾತ್ರ ಹಲವು ಕಂತುಗಳಲ್ಲಿ ಮುಂದುವರಿಯುತ್ತವೆ, ಅವನ್ನು ರಜೆಗೆ ಇಟ್ಟಿದ್ದೇವೆ.

ಇದೇ ಥರ ಒಂದೇ ಕಂತಿಗೆ ಮುಗಿಯೋದು ಕನ್ನಡದಲ್ಲಿ ಯಾವುದಿದೆ? ಹಾಸ್ಯ ಆದ್ರೆ ಇನ್ನೂ ಒಳ್ಳೇದು. ರೀಲ್ಸ್, ಶಾರ್ಟ್ಸ್ ಬೇಡ, ಅವಕ್ಕೆ ಕೊನೆಯೇ ಇಲ್ಲ ಅಲ್ವಾ. ಎಲ್ಲಿ ಸಿಗುತ್ತೆ, ಎಷ್ಟು ನಿಮಿಷ ಅಂತಲೂ ಬರೆಯಿರಿ.