ಪದಚರ್ಚೆ: ಜನವರಿ 26ಕ್ಕೆ ‘ಧ್ವಜಾರೋಹಣ’ ಅನ್ನಬಹುದೆ?

ಶಾಂತಲಾ (ಅಂಕೋಲೆ):
ಎಲ್ಲರಿಗೂ ನಮಸ್ಕಾರ. ನಾಡಿದ್ದು ನಮ್ಮ ಹಳ್ಳಿಶಾಲೆಯಲ್ಲಿ ಬಾವುಟದ ಕಾರ್ಯಕ್ರಮ ಮುಗಿದ ಮೇಲೆ ಮುಖ್ಯಾಧ್ಯಾಪಕಿಯಾಗಿ ನಾನು ಮೂರು ನಿಮಿಷ ಮಾತಾಡಬೇಕು. ಎದುರಿಗೆ ಒಂದರಿಂದ ಏಳನೇ ತರಗತಿಯ ಮಕ್ಕಳು, ಹಿಂದೆ ತಾಯಂದಿರು. ಅರ್ಧದಷ್ಟು ಮನೆಗಳಲ್ಲಿ ಕೊಂಕಣಿ. “ಈಗಷ್ಟೇ ನಾವು ಧ್ವಜಾರೋಹಣ ಮಾಡಿದೆವು” ಎಂದು ಬರೆದುಕೊಂಡಿದ್ದೆ. ನಿನ್ನೆ ತಾಲೀಮಿನಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು, “ಅಕ್ಕೋರೆ, ಬಾವುಟ ಮೊದಲೇ ಮೇಲಿತ್ತಲ್ಲ, ಏರಿಸಿದ್ದು ಯಾವಾಗ?” ಅಂದಳು. ಏನು ಹೇಳಲಿ? ಅನಾವರಣ ಅನ್ನಲೋ, ಬಿಚ್ಚಿದೆವು ಅನ್ನಲೋ? ನಾಳೆ ಸಂಜೆಯೊಳಗೆ ಬೇಕು.

ಗಣಪತಿ (ಶಿರಸಿ):
ಹುಡುಗಿ ಹೇಳಿದ್ದೇ ಸರಿ. ಆಗಸ್ಟ್ 15ಕ್ಕೆ ಬಾವುಟ ಕಂಬದ ಬುಡದಿಂದ ಏರುತ್ತದೆ, ಅದು ಆರೋಹಣ. ಜನವರಿ 26ಕ್ಕೆ ಮಡಚಿ ತುದಿಗೆ ಕಟ್ಟಿಟ್ಟಿರುತ್ತಾರೆ, ಹಗ್ಗ ಎಳೆದರೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಜನವರಿಯಲ್ಲಿ ಧ್ವಜಾರೋಹಣ ಎಂದು ಬರೆಯುವುದೇ ತಪ್ಪು. ಆಮಂತ್ರಣ ಪತ್ರಿಕೆಯಲ್ಲೂ ತಿದ್ದಿಸಿ.

ವಾಮನ (ಕಾರವಾರ):
ಅಷ್ಟು ಅವಸರ ಬೇಡ, ಗಣಪತಿಯವರೆ. ದಿಲ್ಲಿಯ ರೂಢಿ ನೀವು ಹೇಳಿದ ಹಾಗೆಯೇ. ಆದರೆ ಎಷ್ಟೋ ಶಾಲೆಗಳಲ್ಲಿ ಆಗಸ್ಟ್‌ನಲ್ಲೂ ಹೂವಿನ ಎಸಳು ತುಂಬಿ ತುದಿಗೇ ಕಟ್ಟುತ್ತಾರೆ. ಧ್ವಜಾರೋಹಣ ಈಗ ಕಾರ್ಯಕ್ರಮದ ಹೆಸರು, ಪತ್ರಿಕೆಯಲ್ಲಿ ಇರಲಿ ಬಿಡಿ. ಅಕ್ಕೋರ ಪ್ರಶ್ನೆ ಬೇರೆ: ಮಕ್ಕಳು ಕಣ್ಣಾರೆ ಕಂಡದ್ದಕ್ಕೆ ಕ್ರಿಯಾಪದ ಯಾವುದು?

‘ಅನಾವರಣ’ ಮೂರ್ತಿಗೆ, ಫಲಕಕ್ಕೆ ಸರಿ. ಅಲ್ಲಿ ಮೇಲೆ ಹೊದೆಸಿದ ಬಟ್ಟೆ ಇರುತ್ತದೆ. ಇಲ್ಲಿ ಬಟ್ಟೆಯೇ ಬಾವುಟ. ‘ಬಿಚ್ಚಿದೆವು’ ಅಂದರೆ ಇಳಿಸಿ ತೆಗೆದಿಟ್ಟಂತೆ ಕೇಳುತ್ತದೆ, ಗಂಟಿಗೆ ಮಾತ್ರ ಆ ಮಾತು ಒಪ್ಪುತ್ತದೆ. ‘ಹಾರಿಸಿದೆವು’ ಎರಡೂ ದಿನಕ್ಕೆ ನಡೆಯುತ್ತದೆ, ಆದರೆ ಬೆಳಿಗ್ಗೆ ಎಂಟಕ್ಕೆ ನಮ್ಮ ಕಡೆ ಗಾಳಿ ಅಷ್ಟಕ್ಕಷ್ಟೇ. ಕಡಲಗಾಳಿ ಏಳುವುದು ಬಿಸಿಲೇರಿದ ಮೇಲೆ. ಜೋತುಬಿದ್ದ ಬಾವುಟ ತೋರಿಸಿ ಹಾರಿತು ಅಂದರೆ ಅದೇ ಹುಡುಗಿ ಮತ್ತೆ ಕೈ ಎತ್ತುತ್ತಾಳೆ. “ಗಂಟು ಬಿಚ್ಚಿತು, ಬಾವುಟ ಅರಳಿತು” ಅನ್ನಿ. ಎಸಳು ಉದುರುವುದನ್ನು ನೋಡಿದ ಮಕ್ಕಳಿಗೆ ‘ಅರಳು’ ಬಿಡಿಸಿ ಹೇಳಬೇಕಿಲ್ಲ.

ಕೃಷ್ಣಾನಂದ (ಕುಮಟಾ):
ನಮ್ಮಲ್ಲೂ ಒಮ್ಮೆ ಹೀಗೇ ಆಯಿತು. ಪಿಟಿ ಮಾಸ್ತರು ಜಾರುಗಂಟಿನ ಬದಲು ಗಟ್ಟಿಗಂಟು ಹಾಕಿದ್ದರು. ಮುಖ್ಯ ಅತಿಥಿ ಎಳೆದಷ್ಟೂ ಬಿಗಿಯಿತು. ಕೊನೆಗೆ ಇಡೀ ಬಾವುಟ ಕೆಳಗಿಳಿಸಿ, ಗಂಟು ಬಿಡಿಸಿ, ಮತ್ತೆ ಏರಿಸಿದೆವು. ಹಿಂದಿನ ಸಂಜೆ ಒಮ್ಮೆ ಎಳೆದು ನೋಡಿ. ರಾತ್ರಿಯೇ ಕಟ್ಟಿಟ್ಟರೆ ಇಬ್ಬನಿಗೆ ಎಸಳು ಬಟ್ಟೆಗೆ ಅಂಟುತ್ತವೆ, ಬೆಳಿಗ್ಗೆಯೇ ಕಟ್ಟಿ.

ಗಣಪತಿ:
ಹಾಗಾದರೆ ಅವತ್ತು ಜನವರಿಯಲ್ಲೂ ಆರೋಹಣವೇ ಆಯಿತು!

ನಾಗೇಶ (ಹೊನ್ನಾವರ):
ಧ್ವಜವೂ ಸಂಸ್ಕೃತ, ಆರೋಹಣವೂ ಸಂಸ್ಕೃತ. ಮಕ್ಕಳ ತಲೆಗೆ ಯಾಕೆ ಈ ಹೊರೆ? ಅಚ್ಚಗನ್ನಡದ ‘ಬಾವುಟ’ ಒಂದೇ ಸಾಕು.

ವಾಮನ:
ಅಚ್ಚಗನ್ನಡವೆ? ಮರಾಠಿಯವರು ಬಾವಟಾ ಅನ್ನುತ್ತಾರೆ, ಕಾರವಾರದ ನನ್ನ ನೆರೆಮನೆಯವರು ಕೊಂಕಣಿಯಲ್ಲಿ ಬಾವಟೊ ಅನ್ನುತ್ತಾರೆ. ಹಳಗನ್ನಡದಲ್ಲಿ ಪಳಯಿಗೆ ಇದೆ, ಗುಡಿ ಇದೆ.

ನಾಗೇಶ:
ಅವರೇ ನಮ್ಮಿಂದ ಎರವಲು ಪಡೆದಿರಬಾರದೆ? ಎರವಲು ಅಂದರೆ ಯಾವಾಗಲೂ ನಾವೇ ಕೈಯೊಡ್ಡಿದವರು ಅನ್ನುವ ರೋಗ ಇದು. ಬೇಡವಾದರೆ ‘ಗುಡಿ’ ಅನ್ನಿ. ಗುಡಿ ಕಟ್ಟುವುದು ಎಂದರೆ ಬಾವುಟ ಕಟ್ಟುವುದೇ.

ಶಾಂತಲಾ:
ನಾಗೇಶಣ್ಣ, “ಗುಡಿ ಅರಳಿತು” ಅಂದರೆ ನಮ್ಮ ಮಕ್ಕಳು ದೇವಸ್ಥಾನದ ಕಡೆ ತಿರುಗಿ ನೋಡುತ್ತಾರೆ. ಬಾವುಟ ಯಾರದಾದರೂ ಆಗಲಿ, ನನ್ನ ಎದುರಿಗಿರುವ ಎರಡೂ ಮನೆಮಾತಿನವರಿಗೆ ತಿಳಿಯುತ್ತದೆ. ಅದನ್ನೇ ಇಟ್ಟುಕೊಂಡೆ. ಇನ್ನೊಂದು ತೊಡಕು: ‘ಗಣರಾಜ್ಯ’ ಅಂದ ಕೂಡಲೇ ಒಂದನೇ ತರಗತಿಯವರು ಗಣಪತಿಯ ರಾಜ್ಯ ಅನ್ನುತ್ತಾರೆ.

ಗಣಪತಿ:
ಅದರಲ್ಲಿ ತಪ್ಪೇನಿದೆ?

ವಾಮನ:
ದಿನದ ಹೆಸರನ್ನು ಬದಲಿಸಬೇಡಿ, ಪಕ್ಕದಲ್ಲಿ ಒಂದು ವಾಕ್ಯ ಸೇರಿಸಿ. 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೂ ಹೆಸರಿಗೆ ಬ್ರಿಟನ್ನಿನ ದೊರೆಯೇ ನಮ್ಮ ದೊರೆಯಾಗಿದ್ದ. 1950ರ ಜನವರಿ 26ಕ್ಕೆ ಅದೂ ಹೋಯಿತು, ರಾಜೇಂದ್ರ ಪ್ರಸಾದರು ರಾಷ್ಟ್ರಪತಿಯಾದರು. ಇಷ್ಟು ಹೇಳಿದರೆ ಎರಡು ದಿನ ಯಾಕೆ ಎಂಬುದಕ್ಕೂ ಉತ್ತರ ಸಿಗುತ್ತದೆ.

ನಾಗೇಶ:
‘ಪ್ರಜೆ’ ಅನ್ನುವ ಪದ ಮಾತ್ರ ಬಳಸಬೇಡಿ. ಪ್ರಜೆ ಇದ್ದಲ್ಲಿ ಅರಸನೂ ಇರಬೇಕು. ದೊರೆ ಹೋದ ಅಂದ ಬಾಯಲ್ಲೇ ಪ್ರಜೆ ಅಂದರೆ ಹೇಗೆ?

ವಾಮನ:
ಈ ಒಂದು ಮಾತು ಒಪ್ಪಿದೆ. ಆದರೆ ‘ಪ್ರಜಾಪ್ರಭುತ್ವ’ವನ್ನು ಎಲ್ಲಿ ಬಚ್ಚಿಡುತ್ತೀರಿ?

ಶಾಂತಲಾ:
ಅದನ್ನು ನೀವಿಬ್ಬರು ಬೇರೆ ಪತ್ರದಲ್ಲಿ ಬಡಿದಾಡಿ. ನನ್ನ ಆರಂಭ ಈಗ ಹೀಗಿದೆ:

“ಮಕ್ಕಳೇ, ಅಪ್ಪ ಅಮ್ಮಂದಿರೇ, ಈಗಷ್ಟೇ ಗಂಟು ಬಿಚ್ಚಿತು, ನಮ್ಮ ಬಾವುಟ ಅರಳಿತು. ಆಗಸ್ಟಿನಲ್ಲಿ ಅದು ಕೆಳಗಿನಿಂದ ಏರಿದ್ದನ್ನು ನೋಡಿದ್ದಿರಿ. ಇವತ್ತು ಮೇಲೆಯೇ ಇತ್ತು. 1947ರ ಆಗಸ್ಟಿನಲ್ಲಿ ನಮಗೆ ಸ್ವಾತಂತ್ರ್ಯ ಬಂದಿತ್ತು, ಬ್ರಿಟನ್ನಿನ ದೊರೆ ಇನ್ನೂ ಹೋಗಿರಲಿಲ್ಲ. 1950ರಲ್ಲಿ ಇದೇ ದಿನ ಅವನೂ ಹೋದ. ಅರಸನಿಲ್ಲದೆ ಜನರೇ ಆಳಿಕೊಳ್ಳುವ ನಾಡಿಗೆ ಗಣರಾಜ್ಯ ಅನ್ನುತ್ತಾರೆ.”

ನಮ್ಮ ಶಾಲೆಯಲ್ಲಿ ಆಗಸ್ಟಿಗೆ ಕೆಳಗಿನಿಂದಲೇ ಏರಿಸುತ್ತೇವೆ, ಹಾಗಾಗಿ ಎರಡನೇ ವಾಕ್ಯ ಸುಳ್ಳಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ಧ್ವಜಾರೋಹಣವೇ ಇರುತ್ತದೆ, ಅಚ್ಚಾಗಿ ಬಂದುಬಿಟ್ಟಿದೆ.

ನಾಗೇಶ:
‘ಸ್ವಾತಂತ್ರ್ಯ’ಕ್ಕೆ ‘ಬಿಡುಗಡೆ’ ಅನ್ನಬಹುದಿತ್ತು.

ಕೃಷ್ಣಾನಂದ:
ಹಗ್ಗ ಎಳೆದು ನೋಡಿದಿರಾ?