ಡೈರೆಕ್ಟರ್ ತೆರೆದು ಉತ್ತರ ಕೊಡುವಂಥ ಸಬ್ಜೆಕ್ಟ್ ಲೈನ್: ನಿಮ್ಮ ಅನುಭವ ಹೇಳಿ

ಪುಣೆ, ಹಿಂಜವಡಿ: ನಮ್ಮ ಡೈರೆಕ್ಟರ್ ನನ್ನ ಮೇಲ್ ತೆರೆಯುವುದೇ ಇಲ್ಲ. ಅಪ್ರೂವಲ್ ಬೇಕಾದಾಗ ನೀವೆಲ್ಲ ಸಬ್ಜೆಕ್ಟ್‌ನಲ್ಲಿ ಏನು ಬರೆಯುತ್ತೀರಿ?

ವೆರ್ಣಾ, ಗೋವಾ: ನನ್ನ ಹೊಟ್ಟೆಯುರಿ ಇನ್ನೂ ಆರಿಲ್ಲ. ಪ್ಲಾಂಟಿನ ಕಂಪ್ರೆಸರ್ ಕೊಟೇಶನ್ 6.2 ಲಕ್ಷ, ಆ ರೇಟು ಶುಕ್ರವಾರದವರೆಗೆ ಮಾತ್ರ. ಪರ್ಚೇಸ್‌ನವರು ಮುಂಬೈ ಹೆಡ್ ಆಫೀಸಿಗೆ ಕಳಿಸಿದ ಸಬ್ಜೆಕ್ಟ್ ಏನು ಗೊತ್ತಾ? ‘ರೀ: ರೀ: ಫಾರ್ವರ್ಡ್: ಕಂಪ್ರೆಸರ್ ಬಗ್ಗೆ’. ಯಾರೂ ತೆರೆಯಲಿಲ್ಲ. ಸೋಮವಾರ ಹೊಸ ಕೊಟೇಶನ್ 6.65 ಲಕ್ಷ, ಡೆಲಿವರಿ ಮೂರು ವಾರ ತಡ. ಅಲ್ಲಿಯವರೆಗೆ ಬಾಡಿಗೆ ಕಂಪ್ರೆಸರ್, ಅದಕ್ಕೆ ಡೀಸೆಲ್, ತಂದ ಟೆಂಪೋ ಖರ್ಚು ಬೇರೆ, ಬೈಸಿಕೊಂಡಿದ್ದು ಮಾತ್ರ ಮೆಂಟೆನೆನ್ಸ್‌ನ ನಾನು! ಈಗ ಸಬ್ಜೆಕ್ಟ್ ನಾನೇ ಬರೆದುಕೊಡುತ್ತೇನೆ: ‘ಗುರುವಾರ 4ರೊಳಗೆ ಅಪ್ರೂವಲ್: ಕಂಪ್ರೆಸರ್ 6.2 ಲಕ್ಷ’. ಗುರುವಾರ ಯಾಕಂದರೆ ಪರ್ಚೇಸ್ ಆರ್ಡರ್ ಮಾಡಲು ಒಂದು ದಿನ ಬೇಕು.

ಠಾಣೆ, ಸೇಲ್ಸ್: ಕುತೂಹಲ ಹುಟ್ಟಬೇಕು ರೀ. ‘ಒಂದು ಸಣ್ಣ ಪ್ರಶ್ನೆ’ ಅಂತ ಹಾಕಿದೆ, ಲೋವರ್ ಪರೇಲ್‌ನ ದೊಡ್ಡ ಗಿರಾಕಿ ಅದೇ ದಿನ ಉತ್ತರ ಕೊಟ್ಟರು. ಆ ಆರ್ಡರ್ ಇವತ್ತಿಗೂ ನಡೆಯುತ್ತಿದೆ. ಜೊತೆಗೆ ಔಟ್‌ಲುಕ್‌ನ ಕೆಂಪು ಗುರುತು ಹಾಕಿ.

ಅಂಧೇರಿ, ಎಂಡಿ ಆಫೀಸ್: ಸೇಲ್ಸ್ ಸರ್, ಗಿರಾಕಿ ಬೇರೆ, ಸ್ವಂತ ಬಾಸ್ ಬೇರೆ. ಎಂಡಿಯವರ ಮೇಲ್‌ಬಾಕ್ಸ್ ನೋಡುವವಳು ನಾನು. ಅವರು ಕಾರಿನಲ್ಲಿ ಕೂತು ಫೋನಿನಲ್ಲಿ ನೋಡುತ್ತಾರೆ. ಅಲ್ಲಿ ಕಾಣುವುದು ಮೊದಲ ಮೂವತ್ತು ನಲವತ್ತು ಅಕ್ಷರ ಅಷ್ಟೇ, ಅದರಲ್ಲಿ ‘ರೀ ರೀ ಫಾರ್ವರ್ಡ್’ ಅರ್ಧ ಜಾಗ ತಿನ್ನುತ್ತದೆ. ಕೆಂಪು ಗುರುತನ್ನು ಎಲ್ಲರೂ ಹಾಕುತ್ತಾರೆ, ಅದಕ್ಕೆ ಬೆಲೆ ಉಳಿದಿಲ್ಲ. ವೆರ್ಣಾದವರ ಸಾಲು ಸರಿ. ಆದರೆ ಹಳೆಯ ಮೇಲಿಗೆ ರಿಪ್ಲೈ ಒತ್ತಿ ಸಬ್ಜೆಕ್ಟ್ ಬದಲಿಸಿದರೆ ಜಿಮೇಲ್‌ನಲ್ಲಿ ಅದು ಬೇರೆ ಥ್ರೆಡ್ ಆಗುತ್ತದೆ, ಅಟ್ಯಾಚ್‌ಮೆಂಟ್ ಕೂಡ ಜೊತೆಗೆ ಬರುವುದಿಲ್ಲ. ಕೊಟೇಶನ್ ಮತ್ತೆ ಲಗತ್ತಿಸಬೇಕು. ಸಬ್ಜೆಕ್ಟ್ ಕೆಳಗೆ ಮೇಲ್‌ನ ಮೊದಲ ಸಾಲೂ ಕಾಣುತ್ತದೆ ಅಲ್ವಾ, ಅಲ್ಲಿ ‘ಡಿಯರ್ ಸರ್, ವಿತ್ ರೆಫರೆನ್ಸ್ ಟು’ ಅಂತ ಸುಮ್ನೆ ಜಾಗ ಕಳೆಯಬೇಡಿ. ‘ಯೆಸ್ ಅಂದರೆ ಸಾಕು, ಶುಕ್ರವಾರದ ನಂತರ ಈ ರೇಟು ಸಿಗುವುದಿಲ್ಲ’ ಅಂತ ಶುರು ಮಾಡಿ.

ಠಾಣೆ, ಸೇಲ್ಸ್: ಟಾರ್ಗೆಟ್ ತಲೆ ಮೇಲೆ ಇಲ್ಲದವರಿಗೆ ಪಾಠ ಹೇಳುವುದು ಸುಲಭ.

ಅಂಧೇರಿ, ಎಂಡಿ ಆಫೀಸ್: ‘ಸಣ್ಣ ಪ್ರಶ್ನೆ’ ಅಂತ ತೆರೆಸಿ ಒಳಗೆ ಆರು ಲಕ್ಷ ಕೇಳಿದವರ ಮುಂದಿನ ಮೇಲ್ ಎಂಡಿಯವರು ಮುಟ್ಟುವುದಿಲ್ಲ. ಕಣ್ಣಾರೆ ನೋಡಿದ್ದೇನೆ.

ಪುಣೆ ಕ್ಯಾಂಪ್, ಅಕೌಂಟ್ಸ್: ಮೇಲ್ ಯಾಕೆ, ವಾಟ್ಸಾಪ್ ಮಾಡಿ. ನಮ್ಮ ಸಾಹೇಬರು ಹೆಬ್ಬೆರಳು ಕಳಿಸಿದರೆ ಕೆಲಸ ಆಯಿತು.

ವೆರ್ಣಾ, ಗೋವಾ: ಆಡಿಟ್‌ನವರಿಗೆ ಆ ಹೆಬ್ಬೆರಳು ತೋರಿಸುತ್ತೀರಾ? ಅಕೌಂಟ್ಸ್‌ನವರೇ ಹೀಗಂದರೆ ಹೇಗೆ?

ಪುಣೆ ಕ್ಯಾಂಪ್, ಅಕೌಂಟ್ಸ್: ಸಣ್ಣ ಮೊತ್ತಕ್ಕೆ ನಡೆಯುತ್ತದೆ. ಎಲ್ಲರೂ ಕಂಪ್ರೆಸರ್ ಕೊಳ್ಳುವುದಿಲ್ಲ ಸ್ವಾಮಿ.

ಪುಣೆ, ಹಿಂಜವಡಿ: ‘ಉತ್ತರ ಬರದಿದ್ದರೆ ಶುಕ್ರವಾರ ಆರ್ಡರ್ ಹಾಕುತ್ತೇವೆ’ ಅಂತ ಸಬ್ಜೆಕ್ಟ್‌ನಲ್ಲೇ ಬರೆಯಬಹುದಾ?

ವೆರ್ಣಾ, ಗೋವಾ: ಧೈರ್ಯವಾಗಿ ಬರೆಯಿರಿ.

ಅಂಧೇರಿ, ಎಂಡಿ ಆಫೀಸ್: ಹಣದ ವಿಷಯಕ್ಕೆ ಬೇಡವೇ ಬೇಡ. ಮೀಟಿಂಗ್ ತಾರೀಕಿಗೆ ಸರಿ. ಖರ್ಚಿಗೆ ಅವರು ಸುಮ್ಮನಿದ್ದದ್ದನ್ನೇ ಒಪ್ಪಿಗೆ ಅಂತ ತಿಳಿದರೆ ನಾಳೆ ನಿಮ್ಮ ಕುತ್ತಿಗೆಗೆ ಬರುತ್ತದೆ.

ವೆರ್ಣಾ, ಗೋವಾ: ಹಾಗಾದರೆ ನಿಂತ ಪ್ಲಾಂಟಿಗೆ ಯಾರು ಹೊಣೆ, ಅದನ್ನೂ ಹೇಳಿ ಅಕ್ಕ.