ಓದುಗರ ಸ್ಪಂದನ: ಪರೀಕ್ಷೆಯ ದಿನವೇ ಸಂದರ್ಶನ ಬಂದರೆ

ಸಮಸ್ಯೆ: ಅಂತಿಮ ಸೆಮಿಸ್ಟರ್ ಓದುತ್ತಿದ್ದೇನೆ. ಕೆಲಸವೊಂದಕ್ಕೆ 14ನೇ ತಾರೀಖು ಗುರುವಾರ ಬೆಳಿಗ್ಗೆ 11ಕ್ಕೆ ವಿಡಿಯೊ ಸಂದರ್ಶನವೆಂದು 8ನೇ ತಾರೀಖು ಶುಕ್ರವಾರ ಸಂಜೆ ಇಮೇಲ್ ಬಂತು. ಖುಷಿಯಲ್ಲಿ ಕ್ಯಾಲೆಂಡರ್ ಆಹ್ವಾನಕ್ಕೆ ಕೂಡಲೇ ಒಪ್ಪಿಗೆ ಒತ್ತಿಬಿಟ್ಟೆ. ಆಮೇಲೆ ನೋಡಿದರೆ ಅದೇ ದಿನ 10ರಿಂದ 1ರವರೆಗೆ ಪರೀಕ್ಷೆಯಿದೆ. ಮುಂದಿನ ಪರೀಕ್ಷೆ 18ನೇ ತಾರೀಖು ಸೋಮವಾರ, ಅದೂ ಬೆಳಿಗ್ಗೆ 10ಕ್ಕೆ. ಬೇರೆ ದಿನ ಕೇಳಿದರೆ ನನಗೆ ಆಸಕ್ತಿಯಿಲ್ಲ ಅಂದುಕೊಳ್ಳುತ್ತಾರೆಯೇ? ಹೇಗೆ ಕೇಳಲಿ?

ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡುವ ಓದುಗರೊಬ್ಬರು

ಇದ್ದದ್ದನ್ನು ಇದ್ದ ಹಾಗೆ ಹೇಳಿ. ವಿದ್ಯಾರ್ಥಿಗಳನ್ನು ಸಂದರ್ಶನಕ್ಕೆ ಕರೆಯುವವರಿಗೆ ಪರೀಕ್ಷೆಯ ಕಾರಣ ಹೊಸದಲ್ಲ. ಹುಷಾರಿಲ್ಲ, ಮನೆಯಲ್ಲಿ ಕಾರ್ಯಕ್ರಮ ಎಂದೆಲ್ಲ ಹೇಳಿದರೆ ಮುಂದೆ ಅಂಕಪಟ್ಟಿ ನೋಡುವಾಗಲೋ ಮಾತಿನ ನಡುವೆಯೋ ನಿಜ ಹೊರಬೀಳುತ್ತದೆ. ಆಗ ಅನುಮಾನ ಮೂಡುವುದು ತಾರೀಖಿನ ಮೇಲಲ್ಲ, ನಿಮ್ಮ ಮೇಲೆ.

ಇಲ್ಲಿ ಮುಖ್ಯವಾದುದು ಹೇಳುವ ಹೊತ್ತು. ಸಂದರ್ಶನ ಮಾಡುವವರು ಸಾಮಾನ್ಯವಾಗಿ ಇಬ್ಬರು ಮೂವರು. ಅವರು ತಮ್ಮ ದಿನದ ಕೆಲಸದ ನಡುವೆ ಒಂದು ಗಂಟೆ ಬಿಡುವು ಮಾಡಿಕೊಂಡಿರುತ್ತಾರೆ. ನೀವು ಸೋಮವಾರದೊಳಗೆ ತಿಳಿಸಿದರೆ ಗುರುವಾರದ ಆ ಗಂಟೆಯನ್ನು ರಿಕ್ರೂಟರ್ ಇನ್ನೊಬ್ಬ ಅಭ್ಯರ್ಥಿಗೆ ಕೊಡಬಹುದು, ಯಾರಿಗೂ ನಷ್ಟವಿಲ್ಲ. ಬುಧವಾರ ಸಂಜೆ ತಿಳಿಸಿದರೆ ಆ ಗಂಟೆ ಹಾಳು, ಮತ್ತೆ ಅಷ್ಟೂ ಜನರನ್ನು ಕೂಡಿಸಬೇಕು. ಬೇಸರ ಬರುವುದು ಅಲ್ಲಿ. ಆದ್ದರಿಂದ ವಾರಾಂತ್ಯವೆಂದು ಕಾಯದೆ ಇಮೇಲ್ ಇವತ್ತೇ ಕಳಿಸಿ. ಸೋಮವಾರ ಬೆಳಿಗ್ಗೆ ಅವರು ಮೊದಲು ತೆರೆಯುವ ಪತ್ರಗಳಲ್ಲಿ ನಿಮ್ಮದೂ ಇರಲಿ.

ಬಂದ ಇಮೇಲ್‌ಗೇ ಉತ್ತರವಾಗಿ ಬರೆಯಿರಿ. ಹೊಸದಾಗಿ ಬರೆದರೆ ಯಾವ ಹುದ್ದೆ, ಯಾವ ಸಂದರ್ಶನ ಎಂದು ಅವರು ಹುಡುಕಬೇಕಾಗುತ್ತದೆ. ಪತ್ರ ರಿಕ್ರೂಟರ್‌ಗೇ ಹೋಗಲಿ. ಸಂದರ್ಶಕರ ವಿಳಾಸ ಕಂಡಿತೆಂದು ನೇರವಾಗಿ ಅವರಿಗೆ ಬರೆಯಬೇಡಿ, ಸಮಯ ಹೊಂದಿಸುವ ಕೆಲಸ ಅವರದಲ್ಲ. ಮೊದಲ ಸಾಲಿನಲ್ಲೇ ವಿಷಯ ಬರಲಿ. ಫೋನಿನಲ್ಲಿ ಪತ್ರ ತೆರೆಯುವ ಮುಂಚೆ ಕಾಣುವುದು ಅದೊಂದೇ ಸಾಲು.

ನಿಮ್ಮ ಪತ್ರ ಹೀಗಿದ್ದರೆ ಸಾಕು:

"ನಮಸ್ಕಾರ. 14ನೇ ತಾರೀಖು ಗುರುವಾರ ಬೆಳಿಗ್ಗೆ 11ರ ಸಂದರ್ಶನಕ್ಕೆ ಬೇರೆ ಸಮಯ ಕೊಡಲು ಸಾಧ್ಯವೇ ಎಂದು ಕೇಳಲು ಬರೆಯುತ್ತಿದ್ದೇನೆ. ಅದೇ ದಿನ 10ರಿಂದ 1ರವರೆಗೆ ನನಗೆ ಅಂತಿಮ ಸೆಮಿಸ್ಟರ್ ಪರೀಕ್ಷೆಯಿದೆ, ವೇಳಾಪಟ್ಟಿ ಲಗತ್ತಿಸಿದ್ದೇನೆ. ಪರೀಕ್ಷೆಯ ದಿನವನ್ನು ನೋಡದೆ ಆಹ್ವಾನಕ್ಕೆ ಒಪ್ಪಿಗೆ ಕೊಟ್ಟಿದ್ದೆ, ಕ್ಷಮಿಸಿ. 15 ಶುಕ್ರವಾರ ಬೆಳಿಗ್ಗೆ 10ರಿಂದ ಸಂಜೆ 5ರೊಳಗೆ ಯಾವಾಗಲಾದರೂ, 14ರಂದೇ ಆಗಬೇಕಿದ್ದರೆ ಸಂಜೆ 4ರ ನಂತರ, ಅಥವಾ 19 ಮಂಗಳವಾರ ಇಡೀ ದಿನ ನಾನು ಸಿಗುತ್ತೇನೆ. ಈ ಹುದ್ದೆಯ ಬಗ್ಗೆ ಮಾತನಾಡಲು ಕಾಯುತ್ತಿದ್ದೇನೆ." ಕೆಳಗೆ ಪೂರ್ಣ ಹೆಸರು, ಹುದ್ದೆ, ಫೋನ್ ಸಂಖ್ಯೆ.

"ನಿಮಗೆ ಅನುಕೂಲವಾದ ಯಾವ ದಿನವಾದರೂ ಸರಿ" ಎಂದು ಬರೆಯುವುದು ವಿನಯವೆನಿಸಬಹುದು, ಆದರೆ ಅದರಿಂದ ಕೆಲಸ ಕೆಡುತ್ತದೆ. ಅವರು 18ಕ್ಕೆ ಇಟ್ಟರೆ ಮತ್ತೆ ಆಗುವುದಿಲ್ಲ ಎನ್ನಬೇಕಾಗುತ್ತದೆ. ಒಮ್ಮೆ ಬದಲಿಸುವುದು ಸಹಜ. ಎರಡನೇ ಸಲ ಕೇಳಿದಾಗ ಆಸಕ್ತಿಯ ಪ್ರಶ್ನೆ ನಿಜವಾಗಿಯೂ ಏಳುತ್ತದೆ. ಒಂದೇ ಸಮಯ ಕೊಡುವುದೂ ಬೇಡ, ಅದು ಷರತ್ತು ಹಾಕಿದಂತೆ ಕೇಳಿಸುತ್ತದೆ. ಎರಡು ಬೇರೆ ಬೇರೆ ದಿನಗಳಾದರೂ ಇರಲಿ. ಕಂಪನಿ ಬೇರೆ ದೇಶದಲ್ಲಿದ್ದರೆ ಯಾವ ದೇಶದ ಗಂಟೆ ಎಂಬುದನ್ನೂ ಬರೆಯಿರಿ.

ಕಾಲೇಜು ಪರೀಕ್ಷಾ ವಿಭಾಗದ ಓದುಗರೊಬ್ಬರು

ಮೇಲಿನವರು 14ರ ಸಂಜೆ 4 ಎಂದು ಬರೆದದ್ದು ಸರಿಯಾಗಿದೆ. ಅನೇಕ ವಿದ್ಯಾರ್ಥಿಗಳು "ಪರೀಕ್ಷೆ 1ಕ್ಕೆ ಮುಗಿಯುತ್ತದೆ, 2ಕ್ಕೆ ಸಿಗುತ್ತೇನೆ" ಎಂದುಬಿಡುತ್ತಾರೆ. ಪ್ರಶ್ನೆಪತ್ರಿಕೆ ಕೊಡುವುದು ಕಾಲು ಗಂಟೆ ತಡವಾದರೆ ಮುಗಿಯುವುದೂ ಅಷ್ಟೇ ತಡ. ಉತ್ತರ ಪತ್ರಿಕೆಗಳನ್ನು ಎಣಿಸಿ ಮುಗಿಯುವವರೆಗೆ ಕೊಠಡಿಯಿಂದ ಬಿಡದಿರುವುದೂ ಉಂಟು. ಮೊಬೈಲ್ ಹೊರಗಿರುವುದರಿಂದ ತಡವಾಗುತ್ತಿದೆ ಎಂದು ತಿಳಿಸಲೂ ದಾರಿಯಿಲ್ಲ. ಮನೆಗೆ ಬಂದು, ಊಟ ಮಾಡಿ, ನೆಟ್ ಸಂಪರ್ಕ ಪರೀಕ್ಷಿಸಿ ಕೂರಲು 3 ಗಂಟೆಯ ಅಂತರ ಬೇಕು.

ದಿನಗಳನ್ನು ಕೊಡುವ ಮೊದಲು ಲಿಖಿತ ಪರೀಕ್ಷೆಯ ವೇಳಾಪಟ್ಟಿಯೊಂದನ್ನೇ ನೋಡಬೇಡಿ. ಪ್ರಾಯೋಗಿಕ ಪರೀಕ್ಷೆ, ಮೌಖಿಕ ಪರೀಕ್ಷೆ, ಪ್ರಾಜೆಕ್ಟ್ ಮಂಡನೆಯ ದಿನಗಳು ಹಲವೆಡೆ ಪ್ರತ್ಯೇಕವಾಗಿ, ತಡವಾಗಿ ಪ್ರಕಟವಾಗುತ್ತವೆ. 19ಕ್ಕೆ ಅಂಥದ್ದೇನಾದರೂ ಇದೆಯೇ ಎಂದು ವಿಭಾಗದಲ್ಲಿ ಕೇಳಿಕೊಂಡು ಆಮೇಲೆ ಆ ದಿನ ಬರೆಯಿರಿ.

ಪುರಾವೆಯಾಗಿ ವೇಳಾಪಟ್ಟಿಯ ಪುಟ ಸಾಕು; ನಿಮ್ಮ ವಿಷಯದ ಸಾಲಿಗೆ ಗುರುತು ಹಾಕಿ. ಹಾಲ್ ಟಿಕೆಟ್ ಕಳಿಸಲೇಬೇಕಿಲ್ಲ. ಅವರು ಕೇಳಿದರೆ ನೋಂದಣಿ ಸಂಖ್ಯೆ, ಜನ್ಮದಿನಾಂಕ, ಸಹಿ ಮರೆಮಾಡಿ ಕಳಿಸಿ. ಹೆಸರು, ವಿಷಯ, ದಿನ, ಸಮಯ ಕಂಡರೆ ಅವರ ಕೆಲಸ ಮುಗಿಯಿತು.

ಇನ್ನೊಂದು ಮಾತು: ಈ ಸಂದರ್ಶನ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದ ಮೂಲಕ ಬಂದಿದ್ದರೆ ಮೊದಲು ಪ್ಲೇಸ್‌ಮೆಂಟ್ ಅಧಿಕಾರಿಗೆ ಹೇಳಿ. ನಿಮ್ಮ ತರಗತಿಯ ಇನ್ನೂ ಹತ್ತು ಮಂದಿಗೆ ಅದೇ ದಿನ ಸಿಕ್ಕಿರಬಹುದು. ಆಗ ಒಬ್ಬೊಬ್ಬರೇ ಬರೆಯುವ ಬದಲು ಅವರೇ ಒಟ್ಟಾಗಿ ದಿನ ಬದಲಿಸಿಕೊಳ್ಳುತ್ತಾರೆ.

ಸಂದರ್ಶನಗಳ ಸಮಯ ಹೊಂದಿಸುವ ಕೆಲಸದಲ್ಲಿರುವ ಓದುಗರೊಬ್ಬರು

ಒತ್ತಿಬಿಟ್ಟ ಒಪ್ಪಿಗೆಯ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಗಾಬರಿಯಿಂದ ಈಗಲೇ `No` ಮಾಡಬೇಡಿ. ಕಾರಣವಿಲ್ಲದ ನಿರಾಕರಣೆ ಬಂದರೆ ಅಭ್ಯರ್ಥಿ ಹಿಂದೆ ಸರಿದರು ಎಂದೇ ಓದಿಕೊಳ್ಳುವವರಿದ್ದಾರೆ. ಔಟ್‌ಲುಕ್‌ನಲ್ಲಾದರೆ ನಿರಾಕರಿಸಿದ ಆಹ್ವಾನ ನಿಮ್ಮ ಕ್ಯಾಲೆಂಡರ್‌ನಿಂದಲೇ ಹೋಗಿ, ಸಂದರ್ಶನದ ಲಿಂಕ್ ಕೂಡ ಕಣ್ಮರೆಯಾಗಬಹುದು. ಮೊದಲು ಇಮೇಲ್ ಹೋಗಲಿ. ಗೂಗಲ್ ಕ್ಯಾಲೆಂಡರ್‌ನಲ್ಲಿ `Propose a new time`, ಔಟ್‌ಲುಕ್‌ನಲ್ಲಿ `Propose New Time` ಎಂಬ ಆಯ್ಕೆಯಿದೆ, ಆದರೆ ಅದನ್ನೊಂದೇ ನೆಚ್ಚಬೇಡಿ. ಉತ್ತರ ಸ್ವೀಕರಿಸದ ವಿಳಾಸದಿಂದ ಆಹ್ವಾನ ಬಂದಿದ್ದರೆ ನಿಮ್ಮ ಸೂಚನೆಯನ್ನು ಯಾವ ಮನುಷ್ಯರೂ ನೋಡುವುದಿಲ್ಲ.

ಪತ್ರದ ಕೆಳಗೆ ಸಮಯ ಬದಲಿಸುವ ಲಿಂಕ್ ಇದ್ದರೆ ಅದನ್ನೇ ಬಳಸಿ. ರದ್ದು ಮಾಡುವ ಲಿಂಕ್ ಅದರ ಪಕ್ಕದಲ್ಲೇ ಇರುತ್ತದೆ, ಗಮನವಿರಲಿ. "ರದ್ದು ಮಾಡಿ ಹೊಸದಾಗಿ ಆರಿಸಿಕೊಳ್ಳೋಣ" ಎಂದು ಹೊರಟರೆ ಆರಿಸಲು ಪುಟವೇ ತೆರೆಯದೆ ಹೋಗಬಹುದು.

ಸೋಮವಾರ ಮಧ್ಯಾಹ್ನದವರೆಗೂ ಉತ್ತರ ಬರದಿದ್ದರೆ ಫೋನ್ ಮಾಡಿ. ಹೆಸರು, ಹುದ್ದೆ ಹೇಳಿ, "ಗುರುವಾರದ ಸಂದರ್ಶನದ ಸಮಯದ ಬಗ್ಗೆ ಶನಿವಾರ ಇಮೇಲ್ ಕಳಿಸಿದ್ದೆ, ತಲುಪಿದೆಯೇ?" ಎಂದು ಕೇಳಿ. ಫೋನಿನಲ್ಲಿ ಹೊಸ ಸಮಯ ಒಪ್ಪಿಕೊಂಡರೆ ಅದನ್ನೇ ಎರಡು ಸಾಲಿನಲ್ಲಿ ಬರೆದು ಕಳಿಸಿ. ಉತ್ತರ ಬಂದಿಲ್ಲವೆಂದರೆ ಬದಲಾಗಿದೆ ಎಂದಲ್ಲ. ಲಿಖಿತವಾಗಿ ಬರುವವರೆಗೆ 14ರ 11 ಗಂಟೆಯೇ ನಿಂತಿರುತ್ತದೆ.

"ಆ ದಿನ ಬಿಟ್ಟರೆ ಆಗುವುದಿಲ್ಲ" ಎಂದರೆ ದಿನ ಬಿಟ್ಟು ಗಂಟೆಯ ಬಗ್ಗೆ ಮಾತಾಡಿ: ಅದೇ ದಿನ ಸಂಜೆ, ಅಥವಾ 13ರ ಸಂಜೆ ಅರ್ಧ ಗಂಟೆ. ಪರೀಕ್ಷೆಯ ಹಿಂದಿನ ಸಂಜೆ ನಿಮಗೆ ಕಷ್ಟವೇ, ಹಾಗಾಗಿ ಅದನ್ನು ಮೊದಲ ಪತ್ರದಲ್ಲಿ ಬರೆಯಬೇಡಿ, ಕೊನೆಗೆ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಮುಂದಿನ ತಂಡದ ಸಂದರ್ಶನ ಯಾವಾಗ, ಅದಕ್ಕೆ ಇದೇ ಅರ್ಜಿ ಸಾಕೇ, ಹೊಸದಾಗಿ ಹಾಕಬೇಕೇ ಎಂದು ಕೇಳಿಕೊಳ್ಳಿ. ಪರೀಕ್ಷೆ ಮಾತ್ರ ಬಿಡಬೇಡಿ. ಪದವಿ ಮುಗಿಸಿರಬೇಕು ಎಂಬ ಷರತ್ತಿನ ಮೇಲೆ ಕೊಡುವ ಕೆಲಸವಾದರೆ ಆ ಒಂದು ವಿಷಯ ಉಳಿದರೂ ಸೇರುವ ದಿನ ತೊಡಕಾಗುತ್ತದೆ.

ಹೊಸ ದಿನ ಖಚಿತವಾದ ಮೇಲೆ ಹೊಸ ಆಹ್ವಾನದ ಲಿಂಕನ್ನು ತೆರೆದು ನೋಡಿ. ಎರಡೂ ಆಹ್ವಾನಗಳು ಕ್ಯಾಲೆಂಡರ್‌ನಲ್ಲಿ ಉಳಿದಿದ್ದರೆ ಹಳೆಯದನ್ನು ಈಗ ನಿರಾಕರಿಸಿ. ಶುಕ್ರವಾರ ಹಳೆಯ ಲಿಂಕ್ ಒತ್ತಿದರೆ ನೀವು ಖಾಲಿ ಕೋಣೆಯಲ್ಲಿ ಕಾಯುತ್ತಿರುತ್ತೀರಿ, ಅವರು ಇನ್ನೊಂದು ಕೋಣೆಯಲ್ಲಿ ನಿಮಗಾಗಿ ಕಾಯುತ್ತಿರುತ್ತಾರೆ.